ಪೊರಕೆ ಯಾವ ಕಡೆ, ಗುಡಿಸಿದನು ಯಾವ ಕಡೆ?

ಪ್ರಶ್ನೆ: ಮಂಡ್ಯ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ನಲಿಕಲಿ ತರಗತಿ ನೋಡಿಕೊಳ್ಳುತ್ತೇನೆ. ಎರಡನೇ ತರಗತಿಯ ಮಕ್ಕಳಿಗೆಂದು ತರಗತಿ ಕೋಣೆಯ ಚಿತ್ರಗಳನ್ನಿಟ್ಟು ‘ಹೆಸರು ಪದ’, ‘ಕೆಲಸದ ಪದ’ ಎಂದು ವಿಂಗಡಿಸುವ ಅಭ್ಯಾಸ ಹಾಳೆ ಮಾಡಿದ್ದೆ. ಓದುತ್ತಿರುವ ಹುಡುಗಿಯ ಚಿತ್ರವನ್ನು ಅರ್ಧದಷ್ಟು ಮಕ್ಕಳು ಹೆಸರಿನ ಕಡೆಗೇ ಅಂಟಿಸಿದರು. ‘ಆಟ’, ‘ಊಟ’ ಎರಡನ್ನೂ ಎಲ್ಲರೂ ಕೆಲಸದ ಕಡೆ ಬರೆದರು. ನಾನು ಹೇಳಿಕೊಟ್ಟದ್ದರಲ್ಲಿ ತಪ್ಪಿದೆಯೋ, ಹಾಳೆಯಲ್ಲಿ ತಪ್ಪಿದೆಯೋ? ಹೇಗೆ ಸರಿಪಡಿಸಲಿ?

ಉತ್ತರ: ಮೇಡಂ, ತಪ್ಪು ಹಾಳೆಯದು. ಮಕ್ಕಳು ಕಂಡದ್ದನ್ನು ಕಂಡ ಹಾಗೆಯೇ ಹೇಳಿದ್ದಾರೆ. ನಿಮ್ಮ ಚಿತ್ರದಲ್ಲಿ ಹುಡುಗಿ ಇದ್ದಾಳೆ, ಪುಸ್ತಕ ಇದೆ, ಅವಳು ಕುಳಿತ ಬೆಂಚು ಇದೆ, ಓದುವ ಕೆಲಸವೂ ನಡೆದಿದೆ. ‘ಹುಡುಗಿ’ ಎಂದು ನೋಡಿದ ಮಗು ಹೆಸರಿನ ಕಡೆ ಅಂಟಿಸಿತು, ‘ಓದುತ್ತಿದ್ದಾಳೆ’ ಎಂದು ನೋಡಿದ ಮಗು ಕೆಲಸದ ಕಡೆ ಅಂಟಿಸಿತು. ಹೆಸರು, ಕೆಲಸ ಎಂಬ ಭೇದ ಪದಕ್ಕೆ ಸೇರಿದ್ದು. ಚಿತ್ರಕ್ಕೆ ಆ ಭೇದವಿಲ್ಲ. ಕೆಲಸ ಮಾಡುವವರಿಲ್ಲದೆ ಕೆಲಸವೊಂದನ್ನೇ ಚಿತ್ರ ಬಿಡಿಸಲು ಯಾರಿಂದಲೂ ಆಗದು.

ಶಿಕ್ಷಕರ ತರಬೇತಿಗೆ ಬಂದ ಹೊಸದರಲ್ಲಿ ನಾನೂ ಇಂಥದೇ ಹಾಳೆಯೊಂದನ್ನು ಸಿದ್ಧಪಡಿಸಿ ಮೈಸೂರಿನ ಒಂದು ಶಾಲೆಗೆ ಕೊಂಡೊಯ್ದಿದ್ದೆ. ಹತ್ತು ಚಿತ್ರಗಳಿದ್ದವು, ಪದ ಒಂದೂ ಇರಲಿಲ್ಲ. ಒಬ್ಬ ಹುಡುಗ ಫ್ಯಾನಿನ ಚಿತ್ರವನ್ನು ಕೆಲಸದ ಕಡೆ ಇಟ್ಟಿದ್ದ. ಏಕೆ ಎಂದು ಕೇಳಿದೆ. ತಲೆಯೆತ್ತಿ ಮೇಲಿದ್ದ ಫ್ಯಾನನ್ನು ತೋರಿಸಿ, ‘ತಿರುಗುತ್ತಿದೆಯಲ್ಲ ಸರ್’ ಎಂದ. ಬೆಂಚಿನ ಮೇಲೆ ತಲೆಯಿಟ್ಟು ಮಲಗಿದ ಹುಡುಗನ ಚಿತ್ರವನ್ನು ಹೆಸರಿನ ಕಡೆ ಇಟ್ಟಿದ್ದ. ‘ಇವನು ಏನೂ ಮಾಡುತ್ತಿಲ್ಲ’ ಎಂಬುದು ಅವನ ಸಮಜಾಯಿಷಿ. ಅವನು ಅಡ್ಡಾದಿಡ್ಡಿಯಾಗಿ ಇಟ್ಟಿರಲಿಲ್ಲ, ಅವನಿಗೊಂದು ನಿಯಮವಿತ್ತು: ಅಲುಗುವುದೆಲ್ಲ ಕೆಲಸ, ಅಲುಗದ್ದೆಲ್ಲ ಹೆಸರು. ‘ಕೆಲಸ ಸೂಚಿಸುವ ಪದ’ ಎಂದು ನಾವು ಹೇಳುತ್ತೇವೆ. ಮಗು ‘ಕೆಲಸ’ವನ್ನು ಮಾತ್ರ ಕೇಳಿಸಿಕೊಳ್ಳುತ್ತದೆ, ‘ಸೂಚಿಸುವ ಪದ’ ಅದರ ಕಿವಿಯ ಪಕ್ಕದಲ್ಲಿ ಹಾದುಹೋಗುತ್ತದೆ. ಆಮೇಲೆ ಅದು ಪದವನ್ನು ಬಿಟ್ಟು ಲೋಕವನ್ನು ವಿಂಗಡಿಸಲು ತೊಡಗುತ್ತದೆ.

ಆದ್ದರಿಂದ ಮೊದಲ ಬದಲಾವಣೆ ಇದು. ಚಿತ್ರ ಹಾಳೆಯ ಮೇಲೆ ಕದಲದೆ ಇರಲಿ, ವಿಂಗಡಿಸಲು ಪದದ ಚೀಟಿಗಳನ್ನು ಕೊಡಿ. ಪ್ರತಿಯೊಂದು ಚಿತ್ರದಿಂದಲೂ ಎರಡೂ ಬಗೆಯ ಪದ ಹೊರಡಬೇಕು. ಒಂದೇ ಚಿತ್ರದಿಂದ ‘ಪೊರಕೆ’ ಈ ಕಡೆ, ‘ಗುಡಿಸಿದನು’ ಆ ಕಡೆ ಹೋದಾಗಲೇ ಮಗುವಿಗೆ ತಾನು ಬೇರ್ಪಡಿಸುತ್ತಿರುವುದು ಪದಗಳನ್ನು ಎಂದು ಗೊತ್ತಾಗುವುದು.

ಕಂಬಸಾಲಿನ ತಲೆಬರಹವನ್ನೂ ಬದಲಿಸಿ. ‘ಕೆಲಸದ ಪದ’ ಎಂದು ಬರೆದರೆ ‘ಕೆಲಸ’ ಎಂಬ ಪದವನ್ನೇ ಅಲ್ಲಿ ಬರೆಯುವ ಮಗು ಸಿಕ್ಕೇ ಸಿಗುತ್ತದೆ, ಆ ಪದವಾದರೋ ಅಪ್ಪಟ ನಾಮಪದ. ತಲೆಬರಹದ ಜಾಗದಲ್ಲಿ ಪ್ರಶ್ನೆ ಇರಲಿ. ಎಡಗಡೆ ‘ಯಾರು? ಯಾವುದು?’ ಎಂದೂ ಬಲಗಡೆ ‘ಏನು ಮಾಡಿದರು?’ ಎಂದೂ ಬರೆಯಿರಿ. ಎಡಗಡೆ ‘ಏನು?’ ಎಂದು ಹಾಕಬೇಡಿ. ಎರಡೂ ಕಡೆ ‘ಏನು’ ಇದ್ದರೆ ಓದು ಆಗತಾನೆ ಕೂಡಿಬರುತ್ತಿರುವ ಮಗು ಅಲ್ಲೇ ಎಡವುತ್ತದೆ. ನಾಮಪದ, ಕ್ರಿಯಾಪದ ಎಂಬ ಹೆಸರುಗಳಿಗೆ ಮುಂದಿನ ತರಗತಿಗಳಿವೆ, ಅವಸರವಿಲ್ಲ.

ಇನ್ನು ಊಟ ಮತ್ತು ಆಟದ ವಿಷಯ. ಇದು ಇಡೀ ಪಾಠದ ತಿರುಳು, ಸ್ವಲ್ಪ ಹೊತ್ತು ನಿಂತು ನೋಡಬೇಕಾದ್ದು.

ಕನ್ನಡದಲ್ಲಿ ಕೆಲಸವನ್ನು ಹೇಳಲು ಧಾತುವಿಗೆ ಪ್ರತ್ಯಯ ಹತ್ತುತ್ತದೆ: ಆಡು – ಆಡಿದನು, ಓಡು – ಓಡಿದಳು. ಅದೇ ಧಾತುವಿನಿಂದ ಹೆಸರೂ ಹುಟ್ಟುತ್ತದೆ: ಆಟ, ಓಟ, ನೋಟ, ನಡಿಗೆ, ಕುಣಿತ, ಬರಹ. ವ್ಯಾಕರಣದಲ್ಲಿ ಇವಕ್ಕೆ ಕೃದಂತ ಭಾವನಾಮ ಎನ್ನುತ್ತಾರೆ. ಅಂದರೆ ಕೆಲಸಕ್ಕೇ ಇಟ್ಟ ಹೆಸರು, ಹುಟ್ಟು ಧಾತುವಿನದಾದರೂ ನಡತೆ ನಾಮಪದದ್ದು. ‘ಆಟವನ್ನು’, ‘ಆಟಕ್ಕೆ’, ‘ಆಟದಲ್ಲಿ’ ಎಂದು ವಿಭಕ್ತಿ ಹತ್ತುತ್ತದೆ, ‘ಆಟಗಳು’ ಎಂದು ಬಹುವಚನವಾಗುತ್ತದೆ. ಇಂಗ್ಲಿಷ್ ಅಭ್ಯಾಸ ಪುಸ್ತಕದಲ್ಲಿ ‘ಪ್ಲೇ’ ಎಂದಿದ್ದದ್ದನ್ನು ಯಾರೋ ‘ಆಟ’ ಎಂದು ಕನ್ನಡಕ್ಕೆ ತಂದು ಕ್ರಿಯೆಯ ಪಟ್ಟಿಗೆ ಸೇರಿಸಿದ ಹಾಳೆಗಳು ಶಾಲೆಯಿಂದ ಶಾಲೆಗೆ ಓಡಾಡುತ್ತಿವೆ. ನಿಮ್ಮ ಕೈಗೆ ಬಂದದ್ದೂ ಅಂಥದೇ ಇರಬಹುದು. ‘ಓಡುವುದು’, ‘ಬರೆಯುವುದು’ ಎಂದು ಕೊಡುವ ಹಾಳೆಗಳಲ್ಲೂ ಇದೇ ತೊಡಕು. ಓಡುವುದನ್ನು, ಓಡುವುದಕ್ಕೆ ಎಂದು ಅದಕ್ಕೂ ವಿಭಕ್ತಿ ಹತ್ತುತ್ತದೆ. ಎರಡನೇ ತರಗತಿಯ ಕ್ರಿಯಾ ಪಟ್ಟಿಯಲ್ಲಿ ಆ ರೂಪ ಬೇಡ.

ಇನ್ನೊಂದು ಜಾತಿ ‘ಮಾಡು’ ಸೇರಿಸಿಕೊಂಡು ಬರುವವು. ಊಟ ಮಾಡು, ಸ್ನಾನ ಮಾಡು, ಪ್ರಾರ್ಥನೆ ಮಾಡು, ಅಭ್ಯಾಸ ಮಾಡು. ಇವುಗಳಲ್ಲಿ ಕೆಲಸದ ಹೊರೆ ಹೊತ್ತಿರುವುದು ‘ಮಾಡು’, ಅದಕ್ಕಿಂತ ಮೊದಲು ಬರುವುದು ಹೆಸರು. ಮಗುವಿಗೆ ಮಾತ್ರ ಎರಡೂ ಕೂಡಿ ಒಂದೇ ಸಂಗತಿಯಾಗಿ ಕೇಳಿಸುತ್ತದೆ, ಹಾಗಾಗಿ ಮೊದಲ ಅರ್ಧವಷ್ಟೇ ಸಿಕ್ಕರೂ ಅದನ್ನು ಕೆಲಸದ ಬುಟ್ಟಿಗೆ ಹಾಕುತ್ತದೆ.

ಇದನ್ನು ಮಗುವಿಗೆ ಅರ್ಥದಿಂದ ತಿಳಿಸಲು ಹೋದರೆ ಸೋಲುತ್ತೇವೆ. ‘ಊಟ ಎಂಬುದು ಕೆಲಸವಲ್ಲ’ ಎಂದರೆ ಅದು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಮಧ್ಯಾಹ್ನದ ಬಿಸಿಯೂಟಕ್ಕೆ ತಟ್ಟೆ ಹಿಡಿದು ಸಾಲಿನಲ್ಲಿ ನಿಂತು, ಬಡಿಸಿಕೊಂಡು, ತಿಂದು, ತೊಳೆದಿಟ್ಟು ಬರುವ ಮಗುವಿಗೆ ಊಟ ದೊಡ್ಡ ಕೆಲಸವೇ. ಅರ್ಥವನ್ನು ಬಿಟ್ಟು ಪದದ ನಡತೆಯನ್ನು ತೋರಿಸಬೇಕು. ಅದಕ್ಕೆ ನಾನು ನೆಚ್ಚಿಕೊಂಡಿರುವುದು ‘ನಿನ್ನೆ – ನಾಳೆ’ ಪರೀಕ್ಷೆಯನ್ನು.

ಕುಂಟೆಬಿಲ್ಲೆಗೆ ಗೆರೆ ಹಾಕುವ ಹಾಗೆ ನೆಲದ ಮೇಲೆ ಸೀಮೆಸುಣ್ಣದಿಂದ ಎರಡು ಮನೆ ಬರೆಯಿರಿ. ಒಂದು ನಿನ್ನೆಯ ಮನೆ, ಇನ್ನೊಂದು ನಾಳೆಯ ಮನೆ. ಮಗು ನಿನ್ನೆಯ ಮನೆಯಲ್ಲಿ ನಿಂತು ಒಂದು ಮಾತು ಹೇಳಬೇಕು, ನಾಳೆಯ ಮನೆಗೆ ಜಿಗಿದು ಅದೇ ಮಾತನ್ನು ಮತ್ತೆ ಹೇಳಬೇಕು. ‘ನಿನ್ನೆ ಪೊರಕೆಯಿಂದ ಗುಡಿಸಿದೆ.’ ಜಿಗಿತ. ‘ನಾಳೆ ಪೊರಕೆಯಿಂದ ಗುಡಿಸುತ್ತೇನೆ.’ ಸುತ್ತ ಕುಳಿತ ಮಕ್ಕಳಿಗೆ ಒಂದೇ ಪ್ರಶ್ನೆ: ಯಾವ ಪದ ಬದಲಾಯಿತು, ಯಾವುದು ಹಾಗೇ ಉಳಿಯಿತು? ಗುಡಿಸಿದೆ ಎಂಬುದು ಗುಡಿಸುತ್ತೇನೆ ಆಯಿತು. ಪೊರಕೆ ಪೊರಕೆಯಾಗಿಯೇ ಉಳಿಯಿತು. ನಾಲ್ಕಾರು ಮಕ್ಕಳು ಜಿಗಿಯುವಷ್ಟರಲ್ಲಿ ಉಳಿದವರು ಬದಲಾಗುವ ಪದವನ್ನು ಕೂಗಿ ಹೇಳಲು ತೊಡಗುತ್ತಾರೆ.

ಊಟದ ಗಂಟು ಬಿಚ್ಚಿಕೊಳ್ಳುವುದೂ ಇಲ್ಲೇ. ಊಟವನ್ನು ಕೆಲಸದ ಕಡೆ ಬರೆದಿದ್ದ ಒಬ್ಬ ಹುಡುಗಿಯೊಡನೆ ನನಗೆ ಆದ ಮಾತುಕತೆಯನ್ನು ಹಾಗೆಯೇ ಬರೆಯುತ್ತೇನೆ.

‘ನಿನ್ನೆಯ ಮನೆಯಲ್ಲಿ ನಿಂತುಕೋ. ಏನು ಮಾಡಿದೆ ಹೇಳು.’

‘ಊಟ ಮಾಡಿದೆ.’

‘ನಾಳೆಯ ಮನೆಗೆ ಹೋಗು.’

‘ಊಟ ಮಾಡುತ್ತೇನೆ.’

‘ಯಾವ ಪದ ಬದಲಾಯಿತು?’

ಅವಳು ಎರಡೂ ಮನೆಗಳನ್ನು ಇನ್ನೊಮ್ಮೆ ದಾಟಿದಳು, ಬಾಯೊಳಗೇ ಹೇಳಿಕೊಂಡಳು. ‘ಮಾಡಿದೆ ಬದಲಾಯಿತು. ಊಟ ಹಾಗೇ ಇದೆ.’ ನಾನು ಮುಂದೆ ಏನೂ ಹೇಳಲಿಲ್ಲ. ಹಾಳೆಗೆ ಹಿಂದಿರುಗಿ ಊಟವನ್ನು ಎಡಗಡೆಗೆ ತಾನೇ ತಂದಳು. ಆಮೇಲೆ ‘ಆಟ’ವನ್ನೂ ಕೇಳದೆಯೇ ತಂದಳು. ಒಂದು ನಿಮಿಷ ಕಳೆದು ‘ಹಾಗಾದರೆ ಪ್ರಾರ್ಥನೆಯೂ ಇಲ್ಲಿಗೇ ಬರಬೇಕಲ್ಲವೇ?’ ಎಂದು ಕೇಳಿದಳು. ಆ ಪದ ಹಾಳೆಯಲ್ಲಿ ಇರಲೇ ಇಲ್ಲ.

ಈ ಪರೀಕ್ಷೆಗೆ ಮಿತಿಯೂ ಇದೆ. ‘ಬೇಕು’, ‘ಬೇಡ’, ‘ಸಾಕು’, ‘ಇಲ್ಲ’ ಇವು ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ. ಇವುಗಳಿಗೆ ಕ್ರಿಯಾರ್ಥಕಾವ್ಯಯ ಎಂಬ ಬೇರೆ ಮನೆಯೇ ಇದೆ. ಮಕ್ಕಳು ದಿನವಿಡೀ ಆಡುವ ಮಾತುಗಳಾದ್ದರಿಂದ ಜಿಗಿಯುವಾಗ ನುಸುಳಿ ಬರಬಹುದು. ಬಂದರೆ ‘ಇದನ್ನು ಆಮೇಲೆ ನೋಡೋಣ’ ಎಂದು ಪಕ್ಕಕ್ಕಿಡಿ, ಹಾಳೆಗೆ ಮಾತ್ರ ತರಬೇಡಿ. ಇನ್ನೊಂದು ಮಾತು: ಮಕ್ಕಳು ತಮ್ಮ ಮನೆಯ ಮಾತಿನಲ್ಲೇ ಕ್ರಿಯಾಪದ ಹೇಳುತ್ತಾರೆ, ಮಂಡ್ಯದ ಕಡೆ ಆ ಪದದ ಕೊನೆಯ ಬಾಲ ಪುಸ್ತಕದ ಬಾಲದಂತಿರುವುದಿಲ್ಲ. ಜಿಗಿಯುವಾಗ ಅದನ್ನು ತಿದ್ದಬೇಡಿ. ನಿನ್ನೆಗೂ ನಾಳೆಗೂ ಅಲ್ಲಿಯೂ ಪದ ಬದಲಾಗುತ್ತದೆ, ನಮಗೆ ಬೇಕಾದ್ದು ಅಷ್ಟೇ. ಅಲ್ಲಿ ತಿದ್ದಿದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ.

ಈಗ ಹಾಳೆಯ ಮೇಲೆ ಯಾವ ರೂಪ ಅಚ್ಚಾಗಬೇಕು ಎಂಬ ಪ್ರಶ್ನೆ. ಬಹಳ ಮಂದಿ ಧಾತುವನ್ನೇ ಕೊಡುತ್ತಾರೆ: ಓದು, ಹಾಡು, ನಗು, ಅಳು. ಓದಲು ಸುಲಭ ನಿಜ. ಆದರೆ ಈ ನಾಲ್ಕೂ ಎರಡು ಕಡೆ ಸಲ್ಲುವ ಪದಗಳು. ‘ಅವನ ಓದು ಚೆನ್ನಾಗಿದೆ’, ‘ಅವಳ ನಗು ಚಂದ’ ಎನ್ನುವಾಗ ಅವು ಹೆಸರುಗಳೇ. ‘ಓದುತ್ತಿದ್ದಾಳೆ’ ಎಂದು ಪೂರ್ತಿ ಕೊಟ್ಟರೆ ಗೊಂದಲ ಹೋಯಿತು, ಆದರೆ ಒಂದೇ ಪದದಲ್ಲಿ ಎರಡು ಒತ್ತಕ್ಷರ ಬಂದವು. ಒತ್ತಕ್ಷರ ಇನ್ನೂ ಗಟ್ಟಿಯಾಗದ ಮಗು ಅಲ್ಲಿ ಓದುವುದನ್ನೇ ನಿಲ್ಲಿಸುತ್ತದೆ, ವಿಂಗಡಣೆ ದೂರದ ಮಾತು.

ಇದಕ್ಕೆ ದಾರಿಯೆಂದರೆ ಭೂತಕಾಲ. ಓದಿದಳು, ಬರೆದನು, ಗುಡಿಸಿದನು, ಕುಡಿದಳು, ಒರೆಸಿದನು, ತೆರೆದರು. ಒಂದರಲ್ಲೂ ಒತ್ತಕ್ಷರವಿಲ್ಲ, ಒಂದೂ ಎರಡು ಕಡೆಗೆ ಜಾರುವುದಿಲ್ಲ. ನಕ್ಕಳು, ಬಿದ್ದನು, ಕೊಟ್ಟಳು ಇವುಗಳಲ್ಲಿ ಒತ್ತಕ್ಷರ ಇರುವುದರಿಂದ ಅವನ್ನು ಈ ಹಾಳೆಯಿಂದ ಬಿಡಿ. ಚಿತ್ರದಲ್ಲಿ ಕೆಲಸ ಈಗ ನಡೆಯುತ್ತಿರುವಂತೆ ಕಂಡರೂ ‘ನಿನ್ನೆ ನಮ್ಮ ತರಗತಿಯಲ್ಲಿ ನಡೆದದ್ದು’ ಎಂದು ಹೇಳಿ ಹಾಳೆ ಕೊಟ್ಟರೆ ಮಕ್ಕಳಿಗೆ ಯಾವ ತೊಡಕೂ ಆಗುವುದಿಲ್ಲ.

ಹೀಗೆ ಮಾಡಿದ ಕೂಡಲೇ ಹೊಸದೊಂದು ಅಡ್ಡದಾರಿ ತೆರೆದುಕೊಳ್ಳುತ್ತದೆ, ಅದನ್ನು ಮುಚ್ಚದಿದ್ದರೆ ಹಾಳೆ ವ್ಯರ್ಥ. ಕ್ರಿಯಾಪದಗಳೆಲ್ಲ ಉದ್ದ, ಎಲ್ಲದರ ಕೊನೆಯಲ್ಲೂ ‘ನು’, ‘ಳು’, ‘ರು’. ಹೆಸರುಗಳೆಲ್ಲ ಗಿಡ್ಡ. ಚುರುಕು ಮಗು ಪದವನ್ನು ಓದದೆ ಬಾಲ ನೋಡಿ ವಿಂಗಡಿಸಿಬಿಡುತ್ತದೆ, ಹಾಳೆ ತಪ್ಪಿಲ್ಲದೆ ತುಂಬುತ್ತದೆ, ನೀವು ಕಲಿತಿದೆ ಎಂದುಕೊಳ್ಳುತ್ತೀರಿ. ಆದ್ದರಿಂದ ಹೆಸರುಗಳ ನಡುವೆ ಅಂಥದೇ ಬಾಲದ ಒಂದೆರಡು ಪದ ಇರಲೇಬೇಕು: ಬೆರಳು, ಟೀಚರು. ಕ್ರಿಯಾಪದಗಳ ನಡುವೆ ಒಂದು ಗಿಡ್ಡ ಪದ ಇರಬೇಕು: ಬಂತು.

ಇಷ್ಟೆಲ್ಲ ಲೆಕ್ಕ ಹಾಕಿ ನಾನು ಕೊನೆಗೆ ನಿಂತ ಹಾಳೆ ಹೀಗಿದೆ. ಚಿತ್ರಗಳು ಐದು. ಮೊದಲನೆಯದರಲ್ಲಿ ಒಬ್ಬ ಹುಡುಗ ಪೊರಕೆ ಹಿಡಿದು ತರಗತಿ ಗುಡಿಸುತ್ತಿದ್ದಾನೆ. ಅಚ್ಚಾದ ಹಾಳೆಗಳಲ್ಲಿ ಪೊರಕೆ ಯಾವಾಗಲೂ ಹುಡುಗಿಯ ಕೈಯಲ್ಲಿರುವುದು ನನಗೆ ಸರಿಬರುವುದಿಲ್ಲ, ಅದಕ್ಕೇ ಹುಡುಗನ ಕೈಗೆ ಕೊಟ್ಟಿದ್ದೇನೆ. ಇದರಿಂದ ಹೊರಡುವ ಚೀಟಿಗಳು ‘ಪೊರಕೆ’ ಮತ್ತು ‘ಗುಡಿಸಿದನು’. ಎರಡನೆಯದರಲ್ಲಿ ಹುಡುಗಿ ಸ್ಲೇಟಿನ ಮೇಲೆ ಬರೆಯುತ್ತಿದ್ದಾಳೆ, ಕೈ ದೊಡ್ಡದಾಗಿ ಕಾಣುತ್ತದೆ. ‘ಬಳಪ’, ‘ಬೆರಳು’, ‘ಬರೆದಳು’. ಮೂರನೆಯದರಲ್ಲಿ ಇನ್ನೊಬ್ಬಳು ನೀರು ಕುಡಿಯುತ್ತಿದ್ದಾಳೆ. ‘ಲೋಟ’, ‘ಕುಡಿದಳು’. ನಾಲ್ಕನೆಯದರಲ್ಲಿ ಟೀಚರು ಕಿಟಕಿಯ ಬಾಗಿಲನ್ನು ದೂಡುತ್ತಿದ್ದಾರೆ. ‘ಟೀಚರು’, ‘ಕಿಟಕಿ’, ‘ತೆರೆದರು’. ಐದನೆಯದು ಹಳ್ಳಿಯ ಶಾಲೆಗಳಲ್ಲಿ ಎಲ್ಲರೂ ಕಂಡದ್ದೇ, ಬಾಗಿಲಲ್ಲಿ ಒಂದು ನಾಯಿ ಒಳಗೆ ಹೆಜ್ಜೆ ಇಟ್ಟಿದೆ. ‘ನಾಯಿ’, ‘ಬಂತು’.

ಎಣಿಸಿದರೆ ಹೆಸರುಗಳು ಏಳು, ಕ್ರಿಯೆಗಳು ಐದು, ಒಟ್ಟು ಹನ್ನೆರಡು ಚೀಟಿ. ಎರಡೂ ಕಡೆ ಆರಾರು ಇಟ್ಟರೆ, ಒಂದು ಕಡೆ ಆರು ತುಂಬಿದ ಕೂಡಲೇ ಉಳಿದದ್ದನ್ನು ಕಣ್ಣುಮುಚ್ಚಿ ಇನ್ನೊಂದು ಕಡೆ ಹಾಕುತ್ತಾರೆ. ಹಾಳೆಯಲ್ಲಿ ಗೆರೆ ಎಳೆದ ಮನೆಗಳನ್ನು ಎಣಿಸಿ ಬಿಡುವುದೂ ಅದೇ ತಪ್ಪು. ಎರಡೂ ಕಡೆ ಖಾಲಿ ಜಾಗ ಧಾರಾಳವಾಗಿರಲಿ. ಹನ್ನೆರಡಕ್ಕಿಂತ ಹೆಚ್ಚಾದರೆ ಕೊನೆಯ ಚೀಟಿಗಳನ್ನು ಓದದೆ ಇಡುತ್ತಾರೆ.

ಚಿತ್ರಗಳನ್ನು ನಿಮ್ಮ ತರಗತಿಯಿಂದಲೇ ತೆಗೆದುಕೊಳ್ಳಿ. ಅಂತರ್ಜಾಲದ ಚಿತ್ರದಲ್ಲಿ ಉದ್ದ ಹಿಡಿಕೆಯ ಬ್ರಷ್ಷು ಇರುತ್ತದೆ, ನಿಮ್ಮ ಮಕ್ಕಳಿಗೆ ಗೊತ್ತಿರುವುದು ತೆಂಗಿನ ಕಡ್ಡಿಯ ಪೊರಕೆ. ಮೊಬೈಲಿನಲ್ಲಿ ಫೋಟೊ ತೆಗೆದು ನೇರವಾಗಿ ಜೆರಾಕ್ಸ್ ಮಾಡಿಸಿದರೆ ಮುಖವೆಲ್ಲ ಕಪ್ಪಾಗಿ, ಲೋಟ ಗೋಡೆಯೊಳಗೆ ಕರಗಿಹೋಗುತ್ತದೆ. ಬದಲಿಗೆ ಫೋಟೊವನ್ನು ಒಂದು ಹಾಳೆಯಷ್ಟು ದೊಡ್ಡದಾಗಿ ಅಚ್ಚು ಹಾಕಿಸಿ, ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಒತ್ತಿ ಹಿಡಿದು, ಅದರ ಮೇಲೆ ಬಿಳಿ ಹಾಳೆ ಇಟ್ಟು ಹೊರಗೆರೆಯನ್ನು ಮಾತ್ರ ಕಪ್ಪು ಪೆನ್ನಿನಿಂದ ಎಳೆಯಿರಿ. ಹಿನ್ನೆಲೆಯ ಬೆಂಚು, ಚೀಲ, ಗೋಡೆಯ ಪಟಗಳನ್ನೆಲ್ಲ ಬಿಟ್ಟುಬಿಡಿ. ಒಂದು ಚಿತ್ರ, ಒಬ್ಬರು, ಒಂದೇ ಕೆಲಸ. ಗೆರೆಯ ಚಿತ್ರ ಎಷ್ಟು ಜೆರಾಕ್ಸಿಗೂ ಕೆಡುವುದಿಲ್ಲ. ಯಾವ ಮಗುವಿನ ಮುಖವೂ ಹಾಳೆಯ ಮೇಲೆ ಹೋಗುವುದಿಲ್ಲ ಎಂಬುದು ಇನ್ನೊಂದು ಅನುಕೂಲ.

ಚೀಟಿಗಳನ್ನು ನೀವೇ ಕತ್ತರಿಸಿ ಲಕೋಟೆಯಲ್ಲಿ ಹಾಕಿ ಕೊಡಿ. ಕತ್ತರಿಯನ್ನು ಮಕ್ಕಳ ಕೈಗೆ ಕೊಟ್ಟರೆ ಇಡೀ ಅವಧಿ ಕತ್ತರಿಸುವುದರಲ್ಲೇ ಕಳೆಯುತ್ತದೆ. ಮೊದಲ ದಿನ ಗೋಂದು ಹತ್ತಿರ ತರಬೇಡಿ. ಅಂಟಿಸಿದ ಚೀಟಿಯ ಬಗ್ಗೆ ಮಗು ಮತ್ತೆ ಯೋಚಿಸುವುದಿಲ್ಲ. ಅಂಟಿಸದ ಚೀಟಿಯನ್ನು ಎತ್ತಿ ಆ ಕಡೆಯಿಂದ ಈ ಕಡೆಗೆ ಹಾಕುತ್ತದೆ, ಮತ್ತೆ ಹಿಂದಕ್ಕೆ ತರುತ್ತದೆ, ಆ ಓಡಾಟದಲ್ಲೇ ಕಲಿಕೆ ನಡೆಯುವುದು. ಅಂಟಿಸುವುದು ಮರುದಿನ, ನಿನ್ನೆ – ನಾಳೆ ಜಿಗಿತ ಇನ್ನೊಂದು ಸುತ್ತು ಆದ ಮೇಲೆ.

ಮುಗಿದ ಹಾಳೆಗಳನ್ನು ಮೇಜಿನ ಮೇಲೆ ಹರಡಿ ನೋಡಿದರೆ ಯಾವ ಮಗು ಎಲ್ಲಿ ನಿಂತಿದೆ ಎಂದು ಹೇಳಬಹುದು. ‘ಬೆರಳು’ ಮತ್ತು ‘ಟೀಚರು’ ಬಲಗಡೆ ಹೋಗಿದ್ದು ಉಳಿದದ್ದೆಲ್ಲ ಸರಿಯಿದ್ದರೆ ಮಗು ಬಾಲ ನೋಡಿದೆ, ಅದನ್ನು ಮತ್ತೆ ಜಿಗಿತಕ್ಕೆ ಕರೆಯಿರಿ. ‘ನಾಯಿ’ ಬಲಗಡೆ ಹೋಗಿದ್ದರೆ ಆ ಮಗು ನನ್ನ ಫ್ಯಾನಿನ ಹುಡುಗನ ಜೊತೆಗಾರ, ಅಲುಗುವುದನ್ನೆಲ್ಲ ಕೆಲಸ ಎಂದುಕೊಂಡಿದೆ. ಅದರಿಂದ ‘ನಿನ್ನೆ ನಾಯಿ ಬಂತು, ನಾಳೆ ನಾಯಿ ಬರುತ್ತದೆ’ ಎಂದು ಹೇಳಿಸಿ. ಚೀಟಿಗಳು ಯಾವ ನಿಯಮಕ್ಕೂ ಸಿಗದಂತೆ ಚದುರಿದ್ದರೆ ವ್ಯಾಕರಣದ ಮಾತು ಬಿಡಿ, ಮಗುವಿಗೆ ಪದವನ್ನು ಓದಲು ಬರುತ್ತಿಲ್ಲ. ಮೂರು ಚೀಟಿ ಓದಿಸಿ ನೋಡಿದರೆ ತಿಳಿಯುತ್ತದೆ. ಆ ಮಗುವಿಗೆ ಚೀಟಿಯನ್ನು ನೀವು ಓದಿ ಹೇಳಿ, ಇಡುವುದನ್ನು ಅದಕ್ಕೆ ಬಿಡಿ. ಓದು ಹಿಂದೆ ಬಿದ್ದಿದೆ ಎಂದು ಭಾಷೆಯ ತಿಳಿವಳಿಕೆಯೂ ಹಿಂದೆ ಬಿದ್ದಿರಬೇಕಾಗಿಲ್ಲ. ಕಿವಿಯಿಂದ ಕೇಳಿ ಹನ್ನೆರಡನ್ನೂ ಸರಿಯಾಗಿ ಇಟ್ಟ ಮಕ್ಕಳನ್ನು ನಾನು ಹಲವು ಬಾರಿ ಕಂಡಿದ್ದೇನೆ.

ಹನ್ನೆರಡಕ್ಕೆ ಎಷ್ಟು ಎಂದು ಅಂಕ ಹಾಕುವ ಬದಲು ದಿನಕ್ಕೆ ಮೂರು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಇದನ್ನು ಇಲ್ಲಿ ಏಕೆ ಇಟ್ಟೆ?’ ಎಂದು ಒಂದೇ ಒಂದು ಚೀಟಿಯ ಬಗ್ಗೆ ಕೇಳಿ. ಸರಿಯಾಗಿ ಇಟ್ಟದ್ದನ್ನೂ ಕೇಳಿ. ತಪ್ಪಾದದ್ದನ್ನು ಮಾತ್ರ ಕೇಳುತ್ತಾ ಹೋದರೆ, ನೀವು ಏಕೆ ಎಂದ ಕೂಡಲೇ ಮಗು ಉತ್ತರ ಹೇಳದೆ ಚೀಟಿಯನ್ನು ಇನ್ನೊಂದು ಕಡೆಗೆ ಸರಿಸಿಬಿಡುತ್ತದೆ.

ನಿಮ್ಮದು ನಲಿಕಲಿ ತರಗತಿಯಾದ್ದರಿಂದ ಮೂರನೇ ದಿನದ ಕೆಲಸಕ್ಕೆ ಒಂದು ಸೌಕರ್ಯವಿದೆ. 1995ರಲ್ಲಿ ನಮ್ಮ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಈ ಪದ್ಧತಿ ಮೊದಲಾದಾಗಿನಿಂದಲೂ ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂಡಿ ಕೂರುವುದೇ ಅದರ ಬಲ. ಮೂರನೇ ತರಗತಿಯ ಒಬ್ಬರನ್ನು ಎರಡನೇ ತರಗತಿಯ ಇಬ್ಬರ ಜೊತೆ ಕೂರಿಸಿ, ಎಡಗಡೆಯಿಂದ ಒಂದು ಚೀಟಿ, ಬಲಗಡೆಯಿಂದ ಒಂದು ಚೀಟಿ ಎತ್ತಿ ಸೇರಿಸಿ ಓದಲು ಹೇಳಿ. ‘ನಾಯಿ ಬಂತು’ ಸಲೀಸಾಗಿ ಕೂಡುತ್ತದೆ. ‘ಟೀಚರು ತೆರೆದರು’ ಎಂಬುದೂ ಕೂಡುತ್ತದೆ, ಆದರೆ ‘ಏನನ್ನು?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ‘ಪೊರಕೆ ಗುಡಿಸಿದನು’ ಎಂದು ಓದಿದ ಮಗು ತಾನೇ ತಡೆದು ನಿಲ್ಲುತ್ತದೆ. ‘ಪೊರಕೆಯಿಂದ ಗುಡಿಸಿದನು’ ಎನ್ನುತ್ತದೆ. ಆ ‘ಇಂದ’ವನ್ನು ನೀವು ಹೇಳಿಕೊಟ್ಟಿರುವುದಿಲ್ಲ. ಹೆಸರು ಪದಕ್ಕೆ ಮಾತ್ರ ಹತ್ತುವ ಪ್ರತ್ಯಯವನ್ನು ಮಗು ತನ್ನ ಮಾತಿನಿಂದಲೇ ತೆಗೆದು ಹಚ್ಚಿರುತ್ತದೆ. ಆ ‘ಯಿಂದ’ವನ್ನು ಬೇರೆ ಬಣ್ಣದ ಪೆನ್ನಿನಿಂದ ಚೀಟಿಯ ತುದಿಗೆ ಬರೆಸಿ, ಜೋಡಿ ಚೀಟಿಗಳನ್ನು ಕಲಿಕಾ ಚಪ್ಪರದ ದಾರಕ್ಕೆ ಅಕ್ಕಪಕ್ಕ ನೇತುಹಾಕಿ. ಕಿಟಕಿಯನ್ನು ತೆರೆದರು, ಬಳಪದಿಂದ ಬರೆದಳು, ಲೋಟದಲ್ಲಿ ಕುಡಿದಳು. ಯಾವ ಕಡೆಯ ಪದಗಳಿಗೆ ಬಣ್ಣದ ಬಾಲ ಬಂದಿದೆ, ಯಾವ ಕಡೆಗೆ ಬರಲಿಲ್ಲ ಎಂಬುದು ದಾರದ ಮೇಲೆ ಎಲ್ಲರಿಗೂ ಕಾಣುತ್ತದೆ.

ಮೊದಲ ಎರಡು ದಿನ ದೂರ ಇಟ್ಟಿದ್ದ ‘ಹಾಡು’, ‘ನಗು’ ಇವುಗಳನ್ನು ಒಳಗೆ ಕರೆಯಲು ಇದೇ ಸಮಯ. ಖಾಲಿ ಚೀಟಿಯ ಮೇಲೆ ‘ಹಾಡು’ ಎಂದು ಬರೆದು, ಯಾವ ಕಡೆ ಇಡಲಿ ಎಂದು ಕೇಳಿ. ತರಗತಿ ಎರಡು ಪಾಲಾಗುತ್ತದೆ. ಜಗಳ ಸ್ವಲ್ಪ ಹೊತ್ತು ನಡೆಯಲಿ. ಆಮೇಲೆ ಒಂದು ಮಗುವನ್ನು ಎಬ್ಬಿಸಿ ನಿಲ್ಲಿಸಿ, ಉಳಿದವರೆಲ್ಲ ಅದಕ್ಕೆ ‘ಒಂದು ಹಾಡು ಹಾಡು’ ಎಂದು ಒಟ್ಟಿಗೆ ಹೇಳಲಿ. ಅದು ಹಾಡಿ ಕುಳಿತ ಮೇಲೆ, ಆ ಮಾತಿನಲ್ಲಿ ‘ಹಾಡು’ ಎಷ್ಟು ಸಲ ಬಂತು, ಯಾವುದು ಎಡಗಡೆಯದು, ಯಾವುದು ಬಲಗಡೆಯದು ಎಂದು ಕೇಳಿ. ಅನುಮಾನ ಇರುವವರನ್ನು ನಿನ್ನೆಯ ಮನೆಗೂ ನಾಳೆಯ ಮನೆಗೂ ಜಿಗಿಯಲು ಕಳಿಸಿ. ಎರಡು ಚೀಟಿ ಬೇಕು ಎಂದು ಅವರೇ ಹೇಳುತ್ತಾರೆ.